ಇಟ್ಟಿಗೆಯ ಮೇಲೆ ನಿಂತವನು

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಮಸ್ಕಾರ.

ಆಷಾಢ ಏಕಾದಶಿಯ ಸಂಜೆ ಒಂದು ತಾಸು ಗುಡಿಗೆ ಬರಬೇಕಾದರೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನೀವು ಏನೇನು ಹೊಂದಿಸಿ ಬಂದಿದ್ದೀರಿ ಅಂತ ನನಗೆ ಗೊತ್ತು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ಗುಳಿಗೆ ಎಣಿಸಿಟ್ಟು, ಗಂಜಿ ಮುಚ್ಚಿಟ್ಟು ಬಂದಿದ್ದೀರಿ. ನಡುವೆ ಫೋನ್ ಬಂದರೆ ಎದ್ದು ಹೋಗಿ. ಯಾರೂ ತಪ್ಪು ತಿಳಿಯುವುದಿಲ್ಲ.

ನಮ್ಮ ಅವ್ವನಿಗೆ ಲಕ್ವಾ ಹೊಡೆದಾಗ ಅವಳಿಗೆ 71 ವರ್ಷ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ನಾಲ್ಕು ವರ್ಷ ಹಾಸಿಗೆಯಲ್ಲೇ ಇದ್ದಳು. ಬೆನ್ನು ಹುಣ್ಣಾಗಬಾರದು ಅಂದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನರ್ಸ್ ಹೇಳಿಕೊಟ್ಟಿದ್ದರು. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಅಲಾರಂ ಇಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದೆ.

ಒಂದು ರಾತ್ರಿ ಮೂರಕ್ಕೆ ಎದ್ದರೆ ಹಾಸಿಗೆ ಒದ್ದೆ. ಒಂದಕ್ಕೆ ತಾನೇ ಬದಲಿಸಿದ್ದೆ. ಅವ್ವನ ಭುಜ ಹಿಡಿದು ಒರಟಾಗಿ ಹೊರಳಿಸಿ, "ಇನ್ನೆಷ್ಟು ಸಲ ಅವ್ವಾ?" ಅಂತ ಕೂಗಿಬಿಟ್ಟೆ. ಅವಳು ಎಡಗೈಯಿಂದ ಮುಖ ಮುಚ್ಚಿಕೊಂಡಳು. ಅದೇ ರಾತ್ರಿ, ಇದೆಲ್ಲ ಬೇಗ ಮುಗಿದರೆ ಸಾಕು ಅಂತಲೂ ಅನ್ನಿಸಿತು. ಬೆಳಿಗ್ಗೆ ದೀಪ ಹಚ್ಚಲು ಕೈ ಏಳಲಿಲ್ಲ. ಎಂಟು ದಿನ ದೇವರ ಕೋಣೆಯ ಬಾಗಿಲನ್ನೇ ತೆಗೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ.

ನಿಮ್ಮಲ್ಲಿ ಕೆಲವರಿಗೂ ಇಂಥ ರಾತ್ರಿ ಬಂದಿರುತ್ತದೆ, ಅಲ್ವಾ? ಅದನ್ನು ಯಾರ ಮುಂದೆಯೂ ಹೇಳಿರುವುದಿಲ್ಲ.

ಅಪ್ಪ-ಅವ್ವನ ಸೇವೆ ಅಂದ ಕೂಡಲೇ ನಮಗೆ ಶ್ರವಣಕುಮಾರನನ್ನು ತೋರಿಸುತ್ತಾರೆ. ಕಾವಡಿ ಹೊತ್ತ ಆ ಹುಡುಗನಿಗೆ ಬೆನ್ನು ನೋಯಿತು ಅಂತ ನಾನು ಕೇಳಿದ ಯಾವ ಕಥೆಯಲ್ಲೂ ಇರಲಿಲ್ಲ. ನನಗೆ ಕೈ ಹಿಡಿದವನು ಪುಂಡಲೀಕ. ಅವನ ಕಥೆಯ ಮೊದಲ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಅವನು ಅಪ್ಪ-ಅವ್ವನನ್ನು ಕೆಟ್ಟದಾಗಿ ನಡೆಸಿಕೊಂಡ ಮಗ. ಆಮೇಲೆ ಬದಲಾದ. ದೇವರು ಹುಡುಕಿಕೊಂಡು ಬಂದದ್ದು ಅಂಥವನ ಮನೆಗೆ. ಅವನೋ ತಂದೆ-ತಾಯಿಯ ಕಾಲು ಒತ್ತುತ್ತಾ ಕೂತಿದ್ದ. ಏಳಲಿಲ್ಲ. ಒಂದು ಇಟ್ಟಿಗೆ ಎಸೆದು, ಇದರ ಮೇಲೆ ನಿಂತಿರು ಅಂದ. ವಿಠ್ಠಲ ಸೊಂಟದ ಮೇಲೆ ಕೈ ಇಟ್ಟು ನಿಂತ. ಪಂಢರಪುರದಲ್ಲಿ ಇವತ್ತಿಗೂ ಹಾಗೇ ನಿಂತಿದ್ದಾನೆ. ಇಲ್ಲಿ ನನ್ನ ಹಿಂದೆಯೂ ಹಾಗೇ ನಿಂತಿದ್ದಾನೆ, ನೋಡಿ.

ಹಾಗಾಗಿ, ಪೂಜೆ ತಪ್ಪಿತು, ಏಕಾದಶಿ ತಪ್ಪಿತು ಅಂತ ಅಳಬೇಡಿ. ಅವನಿಗೆ ಕಾಯುವುದು ಗೊತ್ತು. ಮೊದಲು ನಾನು ದಿನಾ ಒಂದು ತಾಸು ಪೂಜೆ ಮಾಡುತ್ತಿದ್ದೆ. ಆಮೇಲೆ ಅವ್ವನ ಮಗ್ಗುಲು ಬದಲಿಸುವಾಗ "ವಿಠ್ಠಲಾ" ಅನ್ನುವಷ್ಟೇ ಉಳಿಯಿತು. ಆ ಒಂದು ಶಬ್ದದಲ್ಲಿ ಇದ್ದ ಭಕ್ತಿ ಆ ಒಂದು ತಾಸಿನಲ್ಲಿ ಇರಲಿಲ್ಲ. ಇದು ನನ್ನ ಅನುಭವ, ನಿಮ್ಮದು ಬೇರೆ ಇರಬಹುದು. ಕೆಲವು ರಾತ್ರಿ ಆ ಶಬ್ದವೂ ಬರುತ್ತಿರಲಿಲ್ಲ. ಸುಮ್ನೆ ಕೂತಿರುತ್ತಿದ್ದೆ.

ಆದರೆ ದಣಿವನ್ನು ಭಕ್ತಿಯಿಂದ ಮುಚ್ಚಬೇಡಿ. ನಿದ್ದೆ ಇಲ್ಲದ ಮೈಗೆ ಸಿಟ್ಟು ಬರುತ್ತದೆ. ಅದಕ್ಕೆ ಬೇಕಾದದ್ದು ನಿದ್ದೆ, ಇನ್ನೊಂದು ವ್ರತ ಅಲ್ಲ. ಬಿಪಿ, ಶುಗರ್ ಗುಳಿಗೆ ತಗೊಳ್ಳುವವರು ಇವತ್ತು ಉಪವಾಸ ಇದ್ದರೆ ದಯವಿಟ್ಟು ಈಗಲೇ ಏನಾದರೂ ತಿನ್ನಿ. ಒಳಗೆ ಸಾಬೂದಾಣಿ ಖಿಚಡಿ ಇದೆ. ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ವಿಷಯಕ್ಕೆ ಏನಾದರೂ ಕೇಳುವುದಿದ್ದರೆ 14567 ಇದೆ. ನಂಬರ್‌ಗಳನ್ನು ಬಾಗಿಲ ಹತ್ತಿರ ಬರೆದು ಅಂಟಿಸಿದ್ದೇವೆ.

ಬೇರೆ ಊರಿನಲ್ಲಿರುವ ಅಣ್ಣ-ತಮ್ಮಂದಿರನ್ನು ಕೇಳಲು ನಾಚಿಕೆ ಪಡಬೇಡಿ. ನನ್ನ ತಮ್ಮ ಪ್ರತಿ ತಿಂಗಳು ದುಡ್ಡು ಕಳಿಸುತ್ತಿದ್ದ. ನಾನು ಮೂರು ವರ್ಷ ಬಾಯಿ ಬಿಡಲಿಲ್ಲ, ಒಳಗೊಳಗೇ ಕುದಿದೆ. ಕೊನೆಗೆ, "ದುಡ್ಡು ಸಾಕು, ಹತ್ತು ದಿನ ನೀನೇ ಬಾ" ಅಂದೆ. ಬಂದ. ಮೂರನೇ ರಾತ್ರಿ ಅವನೂ ಅತ್ತ. ಆಮೇಲೆ ಇನ್ನೂ ಎರಡು ಸಲ ತಾನಾಗಿಯೇ ಬಂದ.

ಇಲ್ಲಿರುವ ಉಳಿದವರಿಗೂ ಒಂದು ಮಾತು. ಹೀಗೆ ಸೇವೆ ಮಾಡುವವರನ್ನು ಕಂಡಾಗ "ಪುಣ್ಯದ ಕೆಲಸ ಮಾಡ್ತಾ ಇದ್ದೀರಿ" ಅಂತ ಹೇಳಿ ಹೋಗಬೇಡಿ. ಆ ಮಾತು ಕೇಳಿದ ಮೇಲೆ ಕಷ್ಟ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಅದರ ಬದಲು ಅರ್ಧ ತಾಸು ಆ ಹಾಸಿಗೆಯ ಪಕ್ಕ ಕೂತುಕೊಳ್ಳಿ, ಅವರು ಸ್ನಾನ ಮಾಡಿ ಬರಲಿ.

ಬಾಗಿಲ ಹತ್ತಿರ ಒಂದು ವಹಿ ಇಟ್ಟಿದ್ದೇವೆ. ಎಡಗಡೆ, ಬಿಡುವು ಬೇಕಾದವರು ಹೆಸರು ಬರೆಯಿರಿ. ಬಲಗಡೆ, ವಾರಕ್ಕೆ ಎರಡು ತಾಸು ಕೊಡಬಲ್ಲವರು. ನಾನು ಗುರುವಾರ ಮಧ್ಯಾಹ್ನ ಎರಡರಿಂದ ನಾಲ್ಕು ಅಂತ ಬರೆದಿದ್ದೇನೆ. ಮಗ್ಗುಲು ಬದಲಿಸುವುದು ನನಗೆ ಚೆನ್ನಾಗಿ ಬರುತ್ತದೆ.