ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ: ರಸಾಯನಶಾಸ್ತ್ರ ವಿಭಾಗದ ಸ್ವಯಂ ಅಧ್ಯಯನ ನಿರೂಪಣೆ (ಪರಿಷ್ಕೃತ ಪಾಠ)

ರಸಾಯನಶಾಸ್ತ್ರ ಪದವಿ ಕಾರ್ಯಕ್ರಮದಲ್ಲಿ ಕಳೆದ 3 ಶೈಕ್ಷಣಿಕ ವರ್ಷಗಳಲ್ಲಿ ನಡೆದ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನವನ್ನು ಈ ಅಧ್ಯಾಯ ವಿವರಿಸುತ್ತದೆ. ವಿಭಾಗದ ಮೊದಲ ಕರಡನ್ನು ಆಂತರಿಕ ಗುಣಮಟ್ಟ ಸಮಿತಿಯು ಸಾಲು ಸಾಲಾಗಿ ಪರಿಶೀಲಿಸಿದ್ದು, ಯಾವ ಹೇಳಿಕೆಗೆ ದಾಖಲೆಯನ್ನು ತೋರಿಸಲು ಸಾಧ್ಯವಾಗಲಿಲ್ಲವೋ ಅದನ್ನು ಈ ಪಾಠದಿಂದ ಕೈಬಿಡಲಾಗಿದೆ. ‘ವಿದ್ಯಾರ್ಥಿಗಳಲ್ಲಿ ಸಂಶೋಧನಾ ಮನೋಭಾವ ಬೇರೂರಿದೆ’ ಎಂಬ ವಾಕ್ಯ ಹಾಗೆ ಹೋದವುಗಳಲ್ಲಿ ಒಂದು. ಅದು ಸುಳ್ಳೆಂದು ನಾವು ಹೇಳುತ್ತಿಲ್ಲ. ಅದನ್ನು ಅಳೆಯುವ ಪ್ರಯತ್ನವನ್ನೇ ವಿಭಾಗ ಮಾಡಿರಲಿಲ್ಲ.

ಪ್ರಯೋಗಾಲಯ ಬೋಧನೆ

ವಿಭಾಗವು ತನ್ನ ಬಲವೆಂದು ಮುಂದಿಡುವುದು ಪ್ರಯೋಗಾಲಯ ಬೋಧನೆಯನ್ನು. 3 ವರ್ಷಗಳ ಹಿಂದೆ ಎಲ್ಲ ಟೈಟ್ರೇಶನ್ ಪ್ರಯೋಗಗಳಲ್ಲೂ ಬರಬೇಕಾದ ಉತ್ತರ ವಿದ್ಯಾರ್ಥಿಗಳಿಗೆ ಮೊದಲೇ ತಿಳಿದಿರುತ್ತಿತ್ತು. ಎರಡನೆಯ ವರ್ಷದಿಂದ ಪ್ರತಿ ವಿದ್ಯಾರ್ಥಿಗೂ ಸಾರತೆ ಗೊತ್ತಿಲ್ಲದ ಬೇರೆ ಬೇರೆ ದ್ರಾವಣ ಕೊಡಲಾಗುತ್ತಿದ್ದು, 25 ಅಂಕಗಳ ಪೈಕಿ 10 ಅಂಕಗಳನ್ನು ಉತ್ತರಕ್ಕಲ್ಲದೆ ಲ್ಯಾಬ್ ರೆಕಾರ್ಡಿನ ಬರವಣಿಗೆಗೆ ಮೀಸಲಿಡಲಾಗಿದೆ. ಈ ಬದಲಾವಣೆಯ ಪರಿಣಾಮವನ್ನು ತಿಳಿಯಲು ಪ್ರತಿ ವರ್ಷದ ಕೊನೆಯಲ್ಲಿ ಕ್ರಮಸಂಖ್ಯೆಯ ಆಧಾರದ ಮೇಲೆ 36 ರೆಕಾರ್ಡುಗಳನ್ನು ಆರಿಸಿ, ಆ ತಂಡಕ್ಕೆ ಪಾಠ ಮಾಡದ ಇಬ್ಬರು ಅಧ್ಯಾಪಕರಿಂದ ಓದಿಸಲಾಯಿತು. ಫಲಿತಾಂಶದೊಂದಿಗೆ ಅದರ ಅನಿಶ್ಚಿತತೆಯನ್ನೂ ಲೆಕ್ಕ ಹಾಕಿ ಬರೆದಿದ್ದ ರೆಕಾರ್ಡುಗಳು ಮೊದಲ ವರ್ಷ 11, ಎರಡನೆಯ ವರ್ಷ 22, ಮೂರನೆಯ ವರ್ಷ 29.

ಅಂಕಿಗಳಿಗಿಂತ ರೆಕಾರ್ಡಿನ ಪುಟಗಳೇ ಹೆಚ್ಚು ಹೇಳುತ್ತವೆ ಎಂಬುದು ಓದಿದವರ ಅಭಿಪ್ರಾಯ. ಅನುಬಂಧ 2ರಲ್ಲಿರುವ ಒಂದು ಪುಟದಲ್ಲಿ ವಿದ್ಯಾರ್ಥಿಯು 4 ಬ್ಯೂರೆಟ್ ರೀಡಿಂಗ್‌ಗಳನ್ನು ಬರೆದು, 25.3 ಎಂಬುದನ್ನು ಓದಲು ಬರುವಂತೆ ಒಂದೇ ಗೆರೆಯಿಂದ ಹೊಡೆದುಹಾಕಿ, ‘ತುದಿಯಲ್ಲಿ ಗಾಳಿಗುಳ್ಳೆ ಇತ್ತು, ಬಿಟ್ಟಿದ್ದೇನೆ’ ಎಂದು ಪಕ್ಕದಲ್ಲಿ ಕಾರಣ ನಮೂದಿಸಿ, ಉಳಿದ 24.6, 24.5, 24.6ರ ಸರಾಸರಿಯನ್ನು ಮಾತ್ರ ಬಳಸಿದ್ದಾರೆ. ಮೊದಲ ವರ್ಷದ ರೆಕಾರ್ಡುಗಳಲ್ಲಿ ಹೊಡೆದುಹಾಕಿದ ರೀಡಿಂಗ್ ಒಂದೂ ಸಿಗಲಿಲ್ಲ; ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತಿದ್ದವು, ಅದೂ ಅನುಮಾನ ಬರುವಷ್ಟು ಅಚ್ಚುಕಟ್ಟಾಗಿ. ಈ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಯಾವ ರೆಕಾರ್ಡು ಯಾವ ವರ್ಷದ್ದು ಎಂಬುದು ಓದಿದ ಅಧ್ಯಾಪಕರಿಗೆ ಗೊತ್ತಿತ್ತು. ಆದ್ದರಿಂದ ಸುಧಾರಣೆಯ ದಿಕ್ಕನ್ನು ಈ ಅಂಕಿಗಳು ತೋರಿಸುತ್ತವೆ ಎಂದಷ್ಟೇ ವಿಭಾಗ ಹೇಳುತ್ತದೆ. ಅದರ ನಿಖರ ಪ್ರಮಾಣವನ್ನು ಪ್ರತಿಪಾದಿಸುವುದಿಲ್ಲ.

ಭೌತ ರಸಾಯನಶಾಸ್ತ್ರದ ಫಲಿತಾಂಶ

ಮೂರನೆಯ ಸೆಮಿಸ್ಟರಿನ ಭೌತ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಮೊದಲ ಯತ್ನದಲ್ಲೇ ಉತ್ತೀರ್ಣರಾದವರು 80 ವಿದ್ಯಾರ್ಥಿಗಳ ಪೈಕಿ ಕ್ರಮವಾಗಿ 47, 45 ಮತ್ತು 43. ಕಾರ್ಯಕ್ರಮದ ಅತ್ಯಂತ ದುರ್ಬಲ ಫಲಿತಾಂಶ ಇದು, ಮತ್ತು ಈ ಅವಧಿಯಲ್ಲಿ ಅದು ಸುಧಾರಿಸಿಲ್ಲ.

ಮೊದಲ ಕರಡು ಇದಕ್ಕೆ ಪ್ರವೇಶ ಹಂತದಲ್ಲಿ ವಿದ್ಯಾರ್ಥಿಗಳ ಗಣಿತ ಕಡಿಮೆ ಇರುವುದನ್ನು ಕಾರಣವಾಗಿ ಕೊಟ್ಟಿತ್ತು. ಆ ವಿವರಣೆಯನ್ನು ವಿಭಾಗ ಪರೀಕ್ಷಿಸಿತು. ಕೊನೆಯ ವರ್ಷ ಅನುತ್ತೀರ್ಣರಾದ 37 ಮಂದಿಯಲ್ಲಿ 15 ಮಂದಿ ಪ್ರವೇಶದ ವೇಳೆ ಗಣಿತದಲ್ಲಿ ತಂಡದ ಸರಾಸರಿಗಿಂತ ಹೆಚ್ಚು ಅಂಕ ಪಡೆದವರಾಗಿದ್ದರು. ಗಣಿತದ ತೊಡಕು ಕೆಲವರ ಮಟ್ಟಿಗೆ ನಿಜವಿರಬಹುದು, ಆದರೆ ಫಲಿತಾಂಶವನ್ನು ಅದೊಂದರಿಂದಲೇ ವಿವರಿಸಲಾಗದು.

ಆ 37 ಉತ್ತರ ಪತ್ರಿಕೆಗಳನ್ನು ಮತ್ತೊಮ್ಮೆ ಓದಿದಾಗ ಅತಿ ಹೆಚ್ಚು ಅಂಕ ಹೋದದ್ದು ಉಷ್ಣಬಲ ವಿಜ್ಞಾನದ ಲೆಕ್ಕಗಳಲ್ಲಿ, ಅದೂ ಚಿಹ್ನೆಯ ತಪ್ಪಿನಿಂದ ಎಂಬುದು ಕಂಡಿತು. ತನಿಖೆ ಮುಂದುವರಿದಂತೆ ಕಾರಣ ತರಗತಿಯೊಳಗೇ ಸಿಕ್ಕಿತು. ‘ಎ’ ವಿಭಾಗದಲ್ಲಿ ವ್ಯವಸ್ಥೆಯ ಮೇಲೆ ನಡೆದ ಕೆಲಸವನ್ನು ಧನಾತ್ಮಕವಾಗಿ ಹಿಡಿದು ΔU = q + w ಎಂದೂ, ‘ಬಿ’ ವಿಭಾಗದಲ್ಲಿ ವ್ಯವಸ್ಥೆಯೇ ಮಾಡಿದ ಕೆಲಸವನ್ನು ಧನಾತ್ಮಕವಾಗಿ ಹಿಡಿದು ΔU = q − w ಎಂದೂ ಕಲಿಸಲಾಗುತ್ತಿತ್ತು. ಎರಡೂ ಪಠ್ಯಪುಸ್ತಕಗಳಲ್ಲಿ ಇರುವಂಥವೇ, ತಮ್ಮ ತಮ್ಮ ಚೌಕಟ್ಟಿನಲ್ಲಿ ಸರಿಯಾದವೇ. ಆದರೆ ಪ್ರಶ್ನೆಪತ್ರಿಕೆ ಒಂದೇ ಆಗಿದ್ದು, ಯಾವ ರೂಢಿಯನ್ನು ಬಳಸಬೇಕೆಂದು ಅದರಲ್ಲಿ ಹೇಳಿರಲಿಲ್ಲ. ಅಂಕ ನೀಡುವ ಮಾದರಿ ಉತ್ತರ ಮೊದಲನೆಯದನ್ನು ಮಾತ್ರ ಅನುಸರಿಸಿತ್ತು. ಪಾಠಯೋಜನೆ ಮತ್ತು ಪ್ರಶ್ನೆಪತ್ರಿಕೆ ಎರಡೂ ವಿಭಾಗದ ಕೈಯಲ್ಲೇ ಇದ್ದುದರಿಂದ ಈ ಲೋಪದ ಹೊಣೆ ವಿಭಾಗದ್ದು. ಇದರಿಂದ ಅಂಕ ಕಳೆದುಕೊಂಡ ವಿದ್ಯಾರ್ಥಿಗಳ ಉತ್ತರಗಳನ್ನು ಮರುಮೌಲ್ಯಮಾಪನಕ್ಕೆ ಕಳಿಸಲಾಗಿದೆ. ಅದರ ಫಲಿತಾಂಶ ಇನ್ನೂ ಬಂದಿಲ್ಲವಾದ್ದರಿಂದ ಮೇಲಿನ ಅಂಕಿಗಳನ್ನು ತಿದ್ದಿಲ್ಲ.

ಮತ್ತೊಂದು ಕೊರತೆ ವೇಳಾಪಟ್ಟಿಯದು. 16 ವಾರಗಳ ಸೆಮಿಸ್ಟರಿನಲ್ಲಿ ಮೊದಲ ಆಂತರಿಕ ಪರೀಕ್ಷೆ 9ನೆಯ ವಾರದಲ್ಲಿ ನಡೆದು, ಉತ್ತರ ಪತ್ರಿಕೆಗಳು ವಿದ್ಯಾರ್ಥಿಗಳ ಕೈಸೇರುವುದು 12ನೆಯ ವಾರದಲ್ಲಿ. ಹಿಂದುಳಿದವರನ್ನು ಗುರುತಿಸುವ ಹೊತ್ತಿಗೆ ನೆರವಾಗುವ ಕಾಲ ಬಹುಪಾಲು ಮುಗಿದಿರುತ್ತಿತ್ತು. ಈ ಸೆಮಿಸ್ಟರಿನಿಂದ 4ನೆಯ ವಾರದಲ್ಲಿ ಕಿರುಪರೀಕ್ಷೆ ನಡೆಸಿ, 7 ದಿನಗಳಲ್ಲಿ ಉತ್ತರ ಪತ್ರಿಕೆ ಹಿಂತಿರುಗಿಸಿ, ಅಗತ್ಯವಿರುವವರಿಗೆ ವಾರಕ್ಕೊಂದು ಟ್ಯುಟೋರಿಯಲ್ ತರಗತಿ ನಡೆಸಲಾಗುತ್ತಿದೆ. ಇದರ ಪರಿಣಾಮ ಇನ್ನೂ ತಿಳಿದಿಲ್ಲ. ಹಾಗಾಗಿ ಇದನ್ನು ಸಾಧನೆಯಾಗಿ ಇಲ್ಲಿ ಪರಿಗಣಿಸಿಲ್ಲ.

ಬೋಧಕ ಸಿಬ್ಬಂದಿ

ಮಂಜೂರಾದ 12 ಬೋಧಕ ಹುದ್ದೆಗಳಲ್ಲಿ 3 ಖಾಲಿಯಿದ್ದು, ಅತಿಥಿ ಉಪನ್ಯಾಸಕರು ಅವುಗಳ ಕೆಲಸವನ್ನು ನಿರ್ವಹಿಸುತ್ತಿದ್ದಾರೆ. ನೇಮಕಾತಿಯ ಅಧಿಕಾರ ವಿಭಾಗಕ್ಕಿಲ್ಲ. ಆದರೆ ಅತಿಥಿ ಉಪನ್ಯಾಸಕರನ್ನು ಪ್ರಶ್ನೆಪತ್ರಿಕೆ ಪರಿಶೀಲನಾ ಸಭೆಗಳಿಗೆ ಕರೆಯದಿದ್ದುದು ವಿಭಾಗದ್ದೇ ತೀರ್ಮಾನ, ಮತ್ತು ಚಿಹ್ನೆಯ ಗೊಂದಲ ಎರಡು ವರ್ಷ ಯಾರ ಗಮನಕ್ಕೂ ಬಾರದೆ ಉಳಿದದ್ದಕ್ಕೆ ಅದೂ ಒಂದು ಕಾರಣ. ‘ಬಿ’ ವಿಭಾಗದ ಪಾಠ ಅವರಲ್ಲೊಬ್ಬರದಾಗಿತ್ತು. ಸಭೆಯಲ್ಲಿ ಅವರಿದ್ದಿದ್ದರೆ ಭಿನ್ನತೆ ಮೊದಲ ದಿನವೇ ಹೊರಬರುತ್ತಿತ್ತು. ಈಗ ಪತ್ರಿಕೆ ಬೋಧಿಸುವ ಎಲ್ಲರೂ ಸಭೆಯಲ್ಲಿರಬೇಕೆಂದು ತೀರ್ಮಾನಿಸಿದ್ದು, ಅತಿಥಿ ಉಪನ್ಯಾಸಕರಿಗೆ ಆ ಅವಧಿಯ ಗೌರವಧನವನ್ನೂ ಸೇರಿಸಲಾಗಿದೆ.

ವಿದ್ಯಾರ್ಥಿಗಳ ಹಿಮ್ಮಾಹಿತಿ ಮತ್ತು ಸುರಕ್ಷತೆ

ಹಿಮ್ಮಾಹಿತಿ ನೀಡಿದವರಲ್ಲಿ 84 ಮಂದಿ ಬೋಧನೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದ್ದಾರೆ. ಆದರೆ ಪ್ರತಿಕ್ರಿಯಿಸಿದವರು 240 ವಿದ್ಯಾರ್ಥಿಗಳಲ್ಲಿ 96 ಮಾತ್ರ, ಮತ್ತು ಉಳಿದವರ ಮನಸ್ಸಿನಲ್ಲೇನಿದೆ ಎಂಬುದು ಗೊತ್ತಿಲ್ಲ. ಈ ಅಂಕಿಯನ್ನು ಬಲಗಳ ಪಟ್ಟಿಯಿಂದ ತೆಗೆಯಲಾಗಿದೆ. ಬಂದ 9 ಸಲಹೆಗಳ ಪೈಕಿ 6ಕ್ಕೆ ಕೈಗೊಂಡ ಕ್ರಮ ವಿಭಾಗದ ಸಭಾ ನಡಾವಳಿಯಲ್ಲಿದೆ. 3ಕ್ಕೆ ಯಾವ ನಮೂದೂ ಇಲ್ಲ.

ಪ್ರಯೋಗಾಲಯದ 6 ಫ್ಯೂಮ್ ಹುಡ್‌ಗಳಲ್ಲಿ 2ರ ಗಾಳಿಯ ವೇಗ ವಿಭಾಗವು ನಿಗದಿಪಡಿಸಿಕೊಂಡ ಸೆಕೆಂಡಿಗೆ 0.5 ಮೀಟರಿಗಿಂತ ಕಡಿಮೆಯಿರುವುದು ಕಳೆದ ಅಳತೆಯಲ್ಲಿ ಕಂಡಿದ್ದು, ಅವೆರಡನ್ನೂ ಬಳಕೆಯಿಂದ ತೆಗೆಯಲಾಗಿದೆ. ಇದರಿಂದ ಸಾವಯವ ರಸಾಯನ ಪ್ರಯೋಗಗಳ ತಂಡ 20ರಿಂದ 14ಕ್ಕೆ ಇಳಿದು, ಅಧ್ಯಾಪಕರ ಕಾರ್ಯಭಾರ ಹೆಚ್ಚಿದೆ. ದುರಸ್ತಿಯ ಅಂದಾಜುಪಟ್ಟಿಯನ್ನು ಆಡಳಿತ ಮಂಡಳಿಗೆ ಸಲ್ಲಿಸಲಾಗಿದ್ದು, ಮಂಜೂರಾತಿ ಇನ್ನೂ ದೊರೆತಿಲ್ಲ.

ಪರಿಶೀಲನಾ ತಂಡ ಭೇಟಿ ನೀಡುವಾಗ ಆಯ್ದ ರೆಕಾರ್ಡುಗಳ ಮೂಲಪ್ರತಿಗಳು, ಹೆಸರು ಮರೆಮಾಡಿದ 37 ಉತ್ತರ ಪತ್ರಿಕೆಗಳು, ಗಾಳಿಯ ವೇಗದ ಅಳತೆಯ ವರದಿ ಮತ್ತು 3 ವರ್ಷಗಳ ಸಭಾ ನಡಾವಳಿಗಳು ವಿಭಾಗದ ಗ್ರಂಥಾಲಯ ಕೋಣೆಯಲ್ಲಿ ಲಭ್ಯವಿರುತ್ತವೆ. ನಡಾವಳಿಗಳನ್ನು ಮೂಲ ಕೈಬರಹದಲ್ಲೇ ಇಡಲಾಗುವುದು, ತಿದ್ದುಪಡಿಗಳ ಸಮೇತ. ‘ಬಿ’ ವಿಭಾಗದ ವಿದ್ಯಾರ್ಥಿಗಳು ಮತ್ತು ಅತಿಥಿ ಉಪನ್ಯಾಸಕರು ವಿಭಾಗ ಮುಖ್ಯಸ್ಥರ ಅನುಪಸ್ಥಿತಿಯಲ್ಲಿ ತಂಡದೊಂದಿಗೆ ಮಾತನಾಡಲು ಪ್ರತ್ಯೇಕ ಸಮಯ ಗೊತ್ತುಪಡಿಸಲಾಗಿದೆ.