ಸಾಮರ್ಥ್ಯ ಪತ್ರ: ಸಿಎನ್‌ಸಿ ಜಾಬ್‌ವರ್ಕ್, ಉದ್ಯಮಬಾಗ್, ಬೆಳಗಾವಿ (ತಿದ್ದಿದ ಪ್ರತಿ, ಏಪ್ರಿಲ್ 2025)

ಹಳೆಯ ಪ್ರತಿಯಲ್ಲಿದ್ದ ‘ಅತ್ಯಾಧುನಿಕ ಯಂತ್ರಗಳು’, ‘ವಿಶ್ವದರ್ಜೆಯ ಗುಣಮಟ್ಟ’ ಎಂಬ ಮಾತುಗಳನ್ನು ಕಿತ್ತುಹಾಕಿದ್ದೇವೆ. ಅವನ್ನು ಅಳೆದು ನೋಡಲು ಗೇಜ್ ಇಲ್ಲ. ಇಲ್ಲಿ ಉಳಿದ ಪ್ರತಿ ಸಾಲಿಗೂ ಕಾಗದವೋ ಯಂತ್ರವೋ ಇದೆ.

ಯಂತ್ರಗಳು

ಸಿಎನ್‌ಸಿ ಲೇತ್ 2: ಗರಿಷ್ಠ ವ್ಯಾಸ 250 ಮಿ.ಮೀ., ಉದ್ದ 400 ಮಿ.ಮೀ.; ಒಂದು 2016ರದು, ಇನ್ನೊಂದು 2021ರದು. ವಿಎಂಸಿ 1: ಚಲನೆ 800 × 500 × 500 ಮಿ.ಮೀ., ಟೇಬಲ್ ಮೇಲೆ 500 ಕೆ.ಜಿ.ವರೆಗೆ, 2019. ರೇಡಿಯಲ್ ಡ್ರಿಲ್ 1. ನೇಮ್‌ಪ್ಲೇಟ್ ಫೋಟೊ ಮತ್ತು ಸೀರಿಯಲ್ ನಂಬರ್ ಅನುಬಂಧ 1ರಲ್ಲಿವೆ. ಶಾಪ್‌ಗೆ ಬಂದವರು ಪ್ಲೇಟ್ ನೋಡಿ ತಾಳೆ ಹಾಕಬಹುದು.

ಕ್ಯಾಟಲಾಗ್ ನಿಖರತೆಯನ್ನು ಬರೆದಿಲ್ಲ, ಅದು ಯಂತ್ರ ಹೊಸದಿದ್ದಾಗಿನದು. ನಿತ್ಯದ ಲಾಟ್‌ನಲ್ಲಿ ನಾವು ಹಿಡಿಯುವುದು ±0.02 ಮಿ.ಮೀ.; 40 ಮಿ.ಮೀ. ಬೋರ್‌ಗೆ ಎಚ್7 (0ದಿಂದ +0.025) ಆಗುತ್ತದೆ, ಬೋರ್‌ನಲ್ಲಿ ಅದಕ್ಕಿಂತ ಬಿಗಿಯಾದದ್ದಕ್ಕೆ ಒಪ್ಪುವುದಿಲ್ಲ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಸಿಎಂಎಂ ತಪಾಸಣೆ ಹೊರಗಡೆ ಮಾಡಿಸುತ್ತೇವೆ.

ಪ್ರಮಾಣಪತ್ರ

ಐಎಸ್‌ಒ 9001:2015, ಸೆಪ್ಟೆಂಬರ್ 2026ರವರೆಗೆ; ನಡುವೆ ಪ್ರತಿ ವರ್ಷ ಸರ್ವೆಲೆನ್ಸ್ ಆಡಿಟ್. ವ್ಯಾಪ್ತಿ ‘ಬಿಡಿಭಾಗಗಳ ಮಶಿನಿಂಗ್’ ಮಾತ್ರ, ವೆಲ್ಡಿಂಗ್ ಅದರಲ್ಲಿಲ್ಲ. ಪ್ರಮಾಣಪತ್ರ ನಮ್ಮ ಕೆಲಸದ ವ್ಯವಸ್ಥೆಗೆ ಸಿಕ್ಕದ್ದು, ನಿಮ್ಮ ಭಾಗಕ್ಕಲ್ಲ. ಅನುಬಂಧ 2ರಲ್ಲಿರುವ ನಂಬರನ್ನು iafcertsearch.org ನಲ್ಲಿ ಹಾಕಿ ನೋಡಿ. ಉದ್ಯಮ್ ನೋಂದಣಿಯನ್ನು udyamregistration.gov.in ನಲ್ಲಿ ಪರಿಶೀಲಿಸಬಹುದು.

ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್‌ಗಳಿಗೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನ ಕ್ಯಾಲಿಬ್ರೇಶನ್ ಪತ್ರಗಳಿವೆ. ಪತ್ರದಲ್ಲಿ ಬರೆದ ಐಡಿ ಮತ್ತು ಗೇಜ್ ಮೇಲೆ ಕೊರೆದ ಐಡಿ ಹೊಂದಬೇಕು. ಹಳೆಯ ಪಟ್ಟಿಯಲ್ಲಿ ಎರಡು ಗೇಜ್‌ಗಳ ಐಡಿ ಅದಲುಬದಲಾಗಿತ್ತು, ಈಗ ಸರಿಯಿದೆ.

ಮಾಡಿದ ಕೆಲಸ

ಹೈಡ್ರಾಲಿಕ್ ಸಿಲಿಂಡರ್‌ನ ಗ್ಲ್ಯಾಂಡ್ ಬುಷ್, ಎಸ್‌ಜಿ ಐರನ್ 500/7, ಬೋರ್ 40 ಎಚ್7, ಲಾಟ್ 400. ಗೋಡೆ 5 ಮಿ.ಮೀ. ಮಾತ್ರ. ಗಟ್ಟಿ ಜಾದಲ್ಲಿ ಹಿಡಿದಾಗ ಬುಷ್ ಒತ್ತಿಕೊಂಡು, ಚಕ್ ಬಿಟ್ಟ ಮೇಲೆ ಬೋರ್ ದುಂಡಗೆ ಉಳಿಯುತ್ತಿರಲಿಲ್ಲ: ಮೊದಲ ಲಾಟ್‌ನಲ್ಲಿ 14 ರಿಜೆಕ್ಟ್. ಹೊರವ್ಯಾಸಕ್ಕೆ ಸರಿಯಾಗಿ ಬೋರ್ ಮಾಡಿದ ಸಾಫ್ಟ್ ಜಾ ಹಾಕಿ, ಫಿನಿಶ್ ಪಾಸ್‌ಗೆ ಚಕ್ ಒತ್ತಡ ಇಳಿಸಿದ ಮೇಲೆ ಎರಡನೇ ಲಾಟ್‌ನಲ್ಲಿ 3. ತಪಾಸಣಾ ಹಾಳೆ ಅನುಬಂಧ 3ರಲ್ಲಿದೆ, ಎರಡೂ ಲಾಟ್‌ನದು.

ಇಎನ್8 ಪಿನ್, 30 ಎಫ್7 (−0.020ದಿಂದ −0.041), ತಿಂಗಳಿಗೆ 600, ಎರಡು ವರ್ಷದಿಂದ.

ಗ್ರಾಹಕರ ಹೆಸರನ್ನು ಒಪ್ಪಿಗೆಯಿಲ್ಲದೆ ಅಚ್ಚು ಹಾಕಿಲ್ಲ. ಬೆಲೆ ಮುಚ್ಚಿದ ಪಿಒ ಮತ್ತು ಡೆಲಿವರಿ ಚಲನ್‌ಗಳನ್ನು ಶಾಪ್‌ನಲ್ಲಿ ತೋರಿಸುತ್ತೇವೆ. ಇಬ್ಬರು ಗ್ರಾಹಕರು ಫೋನ್‌ನಲ್ಲಿ ಮಾತಾಡಲು ಒಪ್ಪಿದ್ದಾರೆ.

ಕೋಟೇಶನ್‌ಗೆ ಡ್ರಾಯಿಂಗ್, ಮಟೀರಿಯಲ್ ಗ್ರೇಡ್, ಲಾಟ್‌ಗೆ ಎಷ್ಟು ಭಾಗ ಎಂಬುದನ್ನು ಕಳಿಸಿ. ಕಚ್ಚಾ ಮಾಲು ಯಾರದು ಎಂಬುದನ್ನೂ ಬರೆಯಿರಿ. ಬೆಲೆ ಹೆಚ್ಚಾಗಿ ಕೂಡುವುದು ಅಥವಾ ಕೆಡುವುದು ಅಲ್ಲಿಯೇ.