ದುರ್ಗದ ಹುಡುಗನಿಗೊಂದು ಪ್ಲೇಲಿಸ್ಟ್

ರೀ, ಲಿಂಕ್ ಕಳಿಸಿದ್ದೀನಿ. ನಾಳೆ ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಲ್ಲಿ ಹೋಗ್ತಾ ಕೇಳಿ. ಇದೇ ಕ್ರಮದಲ್ಲಿ, ಷಫಲ್ ಒತ್ತಬೇಡಿ.

ಮೊದಲು 'ಬಾರೇ ಬಾರೇ'. 1972ರ 'ನಾಗರಹಾವು' ನಿಮ್ಮೂರಿನದೇ ಕಥೆ, ಕೋಟೆಯೂ ನಿಮ್ಮದೇ. ಮೊನ್ನೆ ಓಬವ್ವನ ಕಿಂಡಿ ಹತ್ರ ಕಾಲು ಜಾರಿದಾಗ ಕೈ ಹಿಡ್ಕೊಂಡ್ರಲ್ಲ, ಮೆಟ್ಟಿಲು ಮುಗಿದ್ಮೇಲೂ ಬಿಡಲಿಲ್ಲ ನೀವು. ನಾನೂ ನೆನಪಿಸಲಿಲ್ಲ. ಪಿ.ಬಿ. ಶ್ರೀನಿವಾಸ್ ದನಿ ಕೇಳಿದಾಗೆಲ್ಲ ಅಂಗೈ ಬೆಚ್ಚಗಾಗುತ್ತೆ ಈಗ.

'ನಗುವ ನಯನ ಮಧುರ ಮೌನ'. ನಿಮಗೆ ತುಟಿಗಿಂತ ಮೊದಲು ಕಣ್ಣು ನಗುತ್ತೆ, ಗೊತ್ತಾ? ಬೆಣ್ಣೆ ದೋಸೆ ಮುಂದಿಟ್ಕೊಂಡು ಒಂದು ಮಾತೂ ಆಡದೆ ಕೂತಿದ್ರಿ. ಚಟ್ನಿ ಬಟ್ಟಲು ಮಾತ್ರ ಮೆಲ್ಲಗೆ ನನ್ನ ಕಡೆ ತಳ್ಳಿದ್ರಿ. ಇಳಯರಾಜ ಟ್ಯೂನಿನಷ್ಟೇ ಚೆಂದ ಇತ್ತು ಆ ಮೌನ.

'ಅನಿಸುತಿದೆ ಯಾಕೋ ಇಂದು'. ಇದಕ್ಕೆ ಟಿಪ್ಪಣಿ ಬರೆಯಲ್ಲ. ಜಯಂತ ಕಾಯ್ಕಿಣಿಯವರು ಬರೆದಾಗಿದೆ, ನೀವು ಅರ್ಥ ಮಾಡ್ಕೊಳ್ಳಿ.

ಜೊತೆಗೊಂದು ಪುಸ್ತಕ, ತೇಜಸ್ವಿಯವರ 'ಕರ್ವಾಲೊ'. ಬಂಡೆ ಮೇಲೆ ಓತಿಕ್ಯಾತ ಕಂಡ್ರೆ ಸಾಕು, ಉಸಿರು ಬಿಗಿಹಿಡಿದು ನಿಂತುಬಿಡ್ತೀರಿ, ಅದು ತಲೆ ಆಡಿಸೋದನ್ನೇ ನೋಡ್ತಾ. ಹಾರುವ ಓತಿ ಹುಡುಕಿ ಕಾಡು ಅಲೆಯೋರ ಕಥೆ ನಿಮಗಲ್ದೆ ಇನ್ಯಾರಿಗೆ ಕೊಡ್ಲಿ? ಹಾಗೆ ಕಣ್ಣರಳಿಸಿ ನೋಡೋ ಹುಡುಗ ನನಗೆ ತುಂಬಾ ಇಷ್ಟ.

ಓದಿ ಮುಗಿಸಿ ಕೈಯಾರೆ ವಾಪಸ್ ಕೊಡಿ, ಕೊರಿಯರ್ ಮಾಡಬೇಡಿ. ಭಾನುವಾರ ಸಂಜೆ ಗಾಜಿನ ಮನೆ ಹತ್ರ ಇರ್ತೀನಿ. ಓದಿ ಮುಗೀದಿದ್ರೂ ಬನ್ನಿ.